ಸ್ವತಂತ್ರ ನಿರ್ದೇಶಕಿ ಸ್ಥಾನಕ್ಕೆ ಪ್ರಸ್ತಾಪಿತ ಶ್ರೀಮತಿ ಲಲಿತಾ ಮೊಣ್ಣಪ್ಪ ಅವರ ಪರಿಚಯ

(26 ಸೆಪ್ಟೆಂಬರ್ 2025ರಂದು ಮಡಿಕೇರಿಯಲ್ಲಿ ನಡೆಯುವ ವಾರ್ಷಿಕ ಮಹಾಸಭೆಯ ಸೂಚನಾಪತ್ರಕ್ಕೆ ಅನುಬಂಧ. ನಾಮನಿರ್ದೇಶನ ಮತ್ತು ಸಂಭಾವನೆ ಸಮಿತಿಯ ಪರವಾಗಿ ಸಿದ್ಧಪಡಿಸಿದ್ದು.)

ಶ್ರೀಮತಿ ಲಲಿತಾ ಮೊಣ್ಣಪ್ಪ, 58 ವರ್ಷ, ಚಾರ್ಟರ್ಡ್ ಅಕೌಂಟೆಂಟ್. ಕಾಫಿ ಸಂಸ್ಕರಣೆ ಮತ್ತು ರಫ್ತು ಕ್ಷೇತ್ರದಲ್ಲಿ 23 ವರ್ಷಗಳ ಅನುಭವವಿದೆ. ಕುಶಾಲನಗರದ ಕಾಫಿ ಕ್ಯೂರಿಂಗ್ ಮತ್ತು ರಫ್ತು ಕಂಪನಿಯೊಂದರಲ್ಲಿ 2011ರಿಂದ ಮುಖ್ಯ ಹಣಕಾಸು ಅಧಿಕಾರಿಯಾಗಿದ್ದರು. 2016ರಿಂದ ಅದೇ ಹೊಣೆಯ ಜೊತೆಗೆ ಪೂರ್ಣಾವಧಿ ನಿರ್ದೇಶಕಿಯೂ ಆಗಿ, ಮಾರ್ಚ್ 2024ರಲ್ಲಿ ನಿವೃತ್ತರಾದರು. ನಿರ್ದೇಶಕ ಮಂಡಳಿಯು ಇವರನ್ನು 1 ಅಕ್ಟೋಬರ್ 2025ರಿಂದ 30 ಸೆಪ್ಟೆಂಬರ್ 2030ರವರೆಗೆ, ಐದು ವರ್ಷಗಳ ಮೊದಲ ಅವಧಿಗೆ ಸ್ವತಂತ್ರ ನಿರ್ದೇಶಕಿಯಾಗಿ ನೇಮಿಸಲು ಶಿಫಾರಸು ಮಾಡಿದೆ. ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷತೆಯನ್ನೂ ಇವರಿಗೆ ವಹಿಸುವ ಉದ್ದೇಶವಿದೆ.

ನಿರ್ವಹಿಸಿದ ಹೊಣೆಯ ಪ್ರಮಾಣ

ನಿವೃತ್ತಿಯ ವರ್ಷ ಆ ಕಂಪನಿಯ ವಹಿವಾಟು 410 ಕೋಟಿ ರೂಪಾಯಿ. ಅದರಲ್ಲಿ ಮೂರನೇ ಎರಡು ಭಾಗ ರಫ್ತಿನದು. ದುಡಿಯುವ ಬಂಡವಾಳಕ್ಕಾಗಿ ಮೂರು ಬ್ಯಾಂಕುಗಳಿಂದ ಒಟ್ಟು 120 ಕೋಟಿ ರೂಪಾಯಿಯ ಸಾಲದ ಮಿತಿ ಇತ್ತು. ಖಾಯಂ ನೌಕರರು 340 ಮಂದಿ, ಸುಗ್ಗಿಯ ಕಾಲದಲ್ಲಿ ಸೇರುವ ಹಂಗಾಮಿ ಕೆಲಸಗಾರರು 500ಕ್ಕೂ ಹೆಚ್ಚು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಪೊನ್ನಂಪೇಟೆ ಮತ್ತು ಕುಶಾಲನಗರ, ಈ ಐದೂ ತಾಲ್ಲೂಕುಗಳ 6,200 ಬೆಳೆಗಾರರ ಖಾತೆಗಳಿದ್ದವು. ಹಣಕಾಸು, ಖಜಾನೆ, ವಿದೇಶಿ ವಿನಿಮಯ, ತೆರಿಗೆ, ವಿಮೆ, ಆಂತರಿಕ ಲೆಕ್ಕಪರಿಶೋಧನೆ ಮತ್ತು ದಾಸ್ತಾನು ನಿಯಂತ್ರಣ ಇವರ ನೇರ ಹೊಣೆಯಲ್ಲಿದ್ದವು. ಪೂರ್ಣಾವಧಿ ನಿರ್ದೇಶಕಿಯಾಗಿದ್ದಾಗ ನಡೆದ 32 ಮಂಡಳಿ ಸಭೆಗಳಲ್ಲಿ 31ಕ್ಕೆ ಹಾಜರಾಗಿದ್ದಾರೆ.

ಅಂಕಿಗಳು ದೊಡ್ಡವೇ. ಆದರೂ ಸಮಿತಿ ಹೆಚ್ಚು ತೂಕ ಕೊಟ್ಟಿದ್ದು ಅವುಗಳಿಗಲ್ಲ, ಬೇರೆಯವರ ಮಾಲು ತಮ್ಮ ಕೈಯಲ್ಲಿದ್ದಾಗ ಇವರು ಅದನ್ನು ಕಾಯ್ದ ರೀತಿಗೆ.

ಬೆಳೆಗಾರರ ಠೇವಣಿ ದಾಸ್ತಾನು

ಕ್ಯೂರಿಂಗ್ ವರ್ಕ್ಸ್‌ನ ಗೊಡೌನಿನಲ್ಲಿರುವ ಕಾಫಿಯೆಲ್ಲ ಕಂಪನಿಯದಲ್ಲ. ಬೆಲೆ ಏರಲೆಂದು ಕಾಯುವ ಬೆಳೆಗಾರ ತನ್ನ ಚೆರಿಯನ್ನೋ ಪಾರ್ಚ್‌ಮೆಂಟನ್ನೋ ಅಲ್ಲಿ ಇಟ್ಟಿರುತ್ತಾನೆ. ಅದು ಅವನ ಸ್ವತ್ತು. ಅದನ್ನೂ ಸೇರಿಸಿ ಬ್ಯಾಂಕಿಗೆ ಮಾಸಿಕ ದಾಸ್ತಾನು ಪಟ್ಟಿ ಕೊಟ್ಟರೆ ಸಾಲ ಎತ್ತುವ ಮಿತಿ ಹಿಗ್ಗುತ್ತದೆ, ಆದರೆ ಅಡಮಾನವಾಗುವುದು ಇನ್ನೊಬ್ಬರ ಕಾಫಿ. ಬೆಲೆ ಏರಿ ಬೆಳೆಗಾರರು ಒಟ್ಟಿಗೆ ಮಾಲು ಕೇಳಿದ ದಿನ ಆ ತಪ್ಪು ಬಯಲಾಗುತ್ತದೆ. ಆ ಹೊತ್ತಿಗೆ ಸರಿಪಡಿಸಲು ಸಮಯವಿರುವುದಿಲ್ಲ.

ಶ್ರೀಮತಿ ಲಲಿತಾ 2012ರ ಸುಗ್ಗಿಯಿಂದಲೇ ಎರಡು ದಾಸ್ತಾನುಗಳನ್ನು ಬೇರ್ಪಡಿಸಿದರು. ಠೇವಣಿ ಕಾಫಿಗೆ ಪ್ರತ್ಯೇಕ ಗೊಡೌನು ಮತ್ತು ಪ್ರತ್ಯೇಕ ಲೆಡ್ಜರ್ ಬಂತು. ಪ್ರತಿ ಅಟ್ಟಿಗೆ ಹಳದಿ ಚೀಟಿ ತೂಗುಹಾಕಿದರು. ಬೆಳೆಗಾರರ ಖಾತೆ ಸಂಖ್ಯೆ, ಬಂದ ದಿನಾಂಕ, ಚೀಲಗಳ ಸಂಖ್ಯೆ, ತೂಕ ಮತ್ತು ತೇವಾಂಶ, ಐದೂ ಅದರ ಮೇಲೆ ಇರಲೇಬೇಕು. ಕಂಪನಿಯ ಸ್ವಂತ ಮಾಲಿಗೆ ಬಿಳಿ ಚೀಟಿ. ಬ್ಯಾಂಕಿಗೆ ಹೋಗುವ ಪಟ್ಟಿಯಲ್ಲಿ ಬಿಳಿ ಚೀಟಿಯ ಲಾಟುಗಳಷ್ಟೇ ಸೇರುತ್ತಿದ್ದವು. ತಿಂಗಳ ತಾಳೆಪಟ್ಟಿಗೆ ಸಹಿ ಹಾಕುವವರು ಗೊಡೌನಿನ ಸಿಬ್ಬಂದಿ ಆಗಿರಬಾರದು ಎಂಬ ನಿಯಮವನ್ನು ಮಂಡಳಿಯಿಂದ ಲಿಖಿತವಾಗಿ ಪಡೆದರು.

ದಾಸ್ತಾನು ತಪಾಸಣೆಯಲ್ಲಿ ಚೀಲ ಎಣಿಸಿದರೆ ಸಾಲದು. 12.5% ತೇವಾಂಶದಲ್ಲಿ ಬಂದ 1,000 ಕೆ.ಜಿ. ಚೆರಿ ಒಣಗಿ 11%ಕ್ಕೆ ಇಳಿದಾಗ ಸುಮಾರು 983 ಕೆ.ಜಿ. ಆಗುತ್ತದೆ. ಕಳೆದ 17 ಕೆ.ಜಿ. ನ್ಯಾಯವಾದ ಒಣಗುನಷ್ಟ, ಅದನ್ನು ಕಳವೆಂದು ಬರೆಯುವಂತಿಲ್ಲ. ಇದರ ತಿರುಗುಮುರುಗು ಹೆಚ್ಚು ಅಪಾಯಕಾರಿ: ಕೊಡಗಿನ ಮಳೆಗಾಲದಲ್ಲಿ ಕಾಫಿ ತೇವ ಹೀರಿ ತೂಕ ಏರಿಸಿಕೊಳ್ಳುತ್ತದೆ, ಚೀಲಗಳು ಹೋಗಿದ್ದರೂ ಒಟ್ಟು ತೂಕ ಪುಸ್ತಕಕ್ಕೆ ಸರಿಹೊಂದಿಬಿಡುತ್ತದೆ. ಆದ್ದರಿಂದ ಇವರ ತಪಾಸಣಾ ಕ್ರಮದಲ್ಲಿ ಪ್ರತಿ ಅಟ್ಟಿಯ ಮಾದರಿ ತೂಕದ ಜೊತೆ ತೇವಾಂಶವನ್ನೂ ಅಳೆದು, ಎರಡು ತೂಕಗಳನ್ನೂ ಒಂದೇ ತೇವಾಂಶಕ್ಕೆ ಇಳಿಸಿ ಹೋಲಿಸಲಾಗುತ್ತಿತ್ತು. ತಪಾಸಣೆ ವರ್ಷಕ್ಕೆ ಎರಡು ಸಲ: ಮಾರ್ಚ್ ಕೊನೆಯಲ್ಲಿ, ಹಾಗೂ ಮುನ್ಸೂಚನೆ ಇಲ್ಲದೆ ಜುಲೈ ಅಥವಾ ಆಗಸ್ಟ್‌ನಲ್ಲಿ. ಮಳೆಗಾಲದ ಈ ಎರಡನೆಯ ತಪಾಸಣೆಯನ್ನೇ ನಮ್ಮ ಕಂಪನಿಯೂ ಅಳವಡಿಸಿಕೊಳ್ಳಬೇಕು ಎಂಬುದು ಸಮಿತಿಯ ದೃಢ ಅಭಿಪ್ರಾಯ.

ಸಂಬಂಧಿತ ಪಕ್ಷಗಳ ವ್ಯವಹಾರ

ತೋಟದವರೇ ನಿರ್ದೇಶಕರಾಗಿ, ತಮ್ಮದೇ ಕಂಪನಿಗೆ ಕಾಫಿ ಮಾರುವುದು ಕೊಡಗಿನಲ್ಲಿ ಸಹಜ. ಇವರು ಕೆಲಸ ಮಾಡಿದ ಕಂಪನಿಯಲ್ಲಿ ಒಂಬತ್ತು ನಿರ್ದೇಶಕರಲ್ಲಿ ಐವರ ಕುಟುಂಬಗಳು ಮಾಲು ಕೊಡುತ್ತಿದ್ದವು. ಮಾಮೂಲಿ ವ್ಯಾಪಾರದ ಭಾಗವಾಗಿ, ಮಾರುಕಟ್ಟೆ ಬೆಲೆಗೆ ನಡೆದ ವ್ಯವಹಾರಕ್ಕೆ ಕಂಪನಿ ಕಾಯ್ದೆ 2013ರ 188ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಲೆಕ್ಕಪರಿಶೋಧನಾ ಸಮಿತಿಯ ಒಪ್ಪಿಗೆ ಬೇಕೆನ್ನುವ 177ನೇ ಕಲಮು ಆ ವಿನಾಯಿತಿಯಿಂದ ಸಡಿಲವಾಗುವುದಿಲ್ಲ. ಈ ವ್ಯತ್ಯಾಸ ಹಲವು ಕಂಪನಿಗಳಲ್ಲಿ ತಪ್ಪಿಹೋಗುತ್ತದೆ.

ಇವರು ಪ್ರತಿ ಹಣಕಾಸು ವರ್ಷದ ಆರಂಭದಲ್ಲಿ ನಿರ್ದೇಶಕರ ಕುಟುಂಬವಾರು ಗರಿಷ್ಠ ಮೊತ್ತ ನಮೂದಿಸಿ, ಸಮಿತಿಯಿಂದ ಒಂದು ವರ್ಷದ ಸಮಗ್ರ ಒಪ್ಪಿಗೆ ಪಡೆಯುವ ಪದ್ಧತಿ ತಂದರು. ಬೆಲೆಯಲ್ಲಿ ಮೋಸ ನಡೆಯುವುದು ದರದಲ್ಲಿ ಅಪರೂಪ, ಔಟ್‌ಟರ್ನ್‌ನಲ್ಲಿ ಹೆಚ್ಚು. 50 ಕೆ.ಜಿ. ಚೆರಿಗೆ 26 ಕೆ.ಜಿ. ಬೇಳೆ ಬರುವಲ್ಲಿ 27 ಎಂದು ಬರೆದರೆ, ದರ ಒಂದೇ ಇದ್ದರೂ ಸುಮಾರು 4% ಹೆಚ್ಚು ಹಣ ಸಂದಾಯವಾಗುತ್ತದೆ. ಹಾಗಾಗಿ ಔಟ್‌ಟರ್ನ್ ಪರೀಕ್ಷೆಯ ಮಾದರಿಗೆ ಹೆಸರಿನ ಬದಲು ಸಂಕೇತ ಸಂಖ್ಯೆ ಕೊಡಿಸಿದರು. ನಿರ್ದೇಶಕರ ಮಾಲಿನಿಂದ ಹತ್ತರಲ್ಲಿ ಒಂದು ಮಾದರಿಯನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಲಾಗುತ್ತಿತ್ತು. ಆಸಕ್ತಿ ಇರುವ ನಿರ್ದೇಶಕರು ಆ ವಿಷಯದ ಚರ್ಚೆಯ ಹೊತ್ತು ಸಭೆಯಿಂದ ಹೊರಹೋದುದನ್ನು ನಡಾವಳಿಯಲ್ಲಿ ಸಮಯಸಹಿತ ದಾಖಲಿಸುವುದೂ ಇವರ ಕಾಲದಲ್ಲೇ ಆರಂಭವಾಯಿತು. ಅಕ್ಕಪಕ್ಕದ ತೋಟದವರ, ನೆಂಟರಿಷ್ಟರ ನಡುವೆ ಇಂಥ ನಿಯಮ ತರುವುದು ಎಷ್ಟು ಕಷ್ಟವೆಂದು ಕೊಡಗಿನ ಸದಸ್ಯರಿಗೆ ಹೇಳಬೇಕಾಗಿಲ್ಲ.

ಅಪಾಯ ನಿರ್ವಹಣೆ

ಆಗಸ್ಟ್ 2018ರ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಮಂಗಳೂರು ಬಂದರಿನ ದಾರಿ ಕಡಿದಾಗ, ಕಂಟೇನರುಗಳನ್ನು ಮೈಸೂರು ಮಾರ್ಗವಾಗಿ ಬೇರೆ ಬಂದರಿಗೆ ತಿರುಗಿಸಿ, ಖರೀದಿದಾರರಿಗೆ ಲಿಖಿತ ಸೂಚನೆ ಕೊಟ್ಟು, ವಿಮಾ ದಾವೆಗಳನ್ನು ನಿಭಾಯಿಸಿದ ತಂಡದ ಮುಖ್ಯಸ್ಥೆ ಇವರು. ಆ ಅನುಭವದಿಂದ ರೂಪಿಸಿದ ತುರ್ತು ಸಾಗಣೆ ಯೋಜನೆಯನ್ನು ಮಂಡಳಿ ಪ್ರತಿ ಮೇ ತಿಂಗಳಲ್ಲಿ ಪರಿಶೀಲಿಸುತ್ತಿತ್ತು.

ರೊಬಸ್ಟಾ ಬೆಲೆ ತೀವ್ರವಾಗಿ ಏರಿದ ಕಾಲದಲ್ಲಿ, ಕೈಯಲ್ಲಿಲ್ಲದ ಕಾಫಿಯನ್ನು ಮುಂಗಡ ದರಕ್ಕೆ ಮಾರಿದ ರಫ್ತುದಾರರು ಇಕ್ಕಟ್ಟಿಗೆ ಸಿಲುಕಿದರು. ಬೆಳೆಗಾರರು ಮಾಲು ಬಿಡಲಿಲ್ಲ, ಒಪ್ಪಂದದ ದರ ಮಾತ್ರ ಹಳೆಯದೇ ಉಳಿಯಿತು. ಸ್ವಂತ ದಾಸ್ತಾನು ಮತ್ತು ಬೆಲೆ ನಿಗದಿಯಾದ ಖರೀದಿ ಎರಡೂ ಸೇರಿದ ಪ್ರಮಾಣಕ್ಕಿಂತ 300 ಟನ್ನಿಗಿಂತ ಹೆಚ್ಚು ಮುಂಗಡ ಮಾರಾಟ ಇರಕೂಡದೆಂಬ ಮಿತಿಯನ್ನು ಇವರು ಅದಕ್ಕೂ ಮೊದಲೇ ಮಂಡಳಿಯಿಂದ ಅಂಗೀಕರಿಸಿಕೊಂಡಿದ್ದರು. ಮಿತಿ ಮೀರಿದ ದಿನವೇ ಅಧ್ಯಕ್ಷರಿಗೆ ವರದಿ ಹೋಗಬೇಕಿತ್ತು.

ಯುರೋಪಿಯನ್ ಒಕ್ಕೂಟದ ಅರಣ್ಯನಾಶ ನಿಯಂತ್ರಣ ನಿಯಮ 2023/1115ರ ಸಿದ್ಧತೆಯನ್ನೂ ಮುನ್ನಡೆಸಿದ್ದಾರೆ. 31 ಡಿಸೆಂಬರ್ 2020ರ ನಂತರ ಅರಣ್ಯ ಕಡಿದ ಜಾಗದ ಕಾಫಿ ಅಲ್ಲಿ ಸಲ್ಲದು. 4 ಹೆಕ್ಟೇರ್‌ಗಿಂತ ದೊಡ್ಡ ತೋಟಕ್ಕೆ ಪೂರ್ತಿ ಗಡಿರೇಖೆಯ ನಿರ್ದೇಶಾಂಕ ಬೇಕು, ಚಿಕ್ಕದಕ್ಕೆ ಒಂದು ಬಿಂದು ಸಾಕು. ಕೊಡಗಿನ ತೊಡಕು ಜಮ್ಮಾ ಜಾಗಗಳದು: ಆರ್‌ಟಿಸಿ ಪಟ್ಟೆದಾರರ ಹೆಸರಿನಲ್ಲಿ, ಕಾಫಿ ಕೊಡುವವರು ಅದೇ ಒಕ್ಕದ ಬೇರೆ ಬೇರೆ ಮನೆಯವರು. ಅನುಭವದಲ್ಲಿರುವ ಭಾಗದ ಗಡಿಯನ್ನು ಅಳೆದು, ಕುಟುಂಬದ ಒಪ್ಪಿಗೆ ಪತ್ರದೊಂದಿಗೆ ಬೆಳೆಗಾರರ ಖಾತೆಗೆ ಜೋಡಿಸುವ ವಿಧಾನದಲ್ಲಿ 4,100 ತುಂಡುಗಳ ದಾಖಲೆ ಇವರ ನಿವೃತ್ತಿಯ ಹೊತ್ತಿಗೆ ಮುಗಿದಿತ್ತು.

ಇತರ ಮಂಡಳಿಗಳು ಮತ್ತು ವಿದ್ಯಾರ್ಹತೆ

ಮೈಸೂರಿನಲ್ಲಿ ನೋಂದಾಯಿತ, ಷೇರುಪೇಟೆಯಲ್ಲಿ ಪಟ್ಟಿಯಾಗದ ಬ್ಯಾಂಕೇತರ ಹಣಕಾಸು ಕಂಪನಿಯೊಂದರಲ್ಲಿ 2019ರಿಂದ ಸ್ವತಂತ್ರ ನಿರ್ದೇಶಕಿ. ಎರಡನೆಯ ಅವಧಿ ನಡೆಯುತ್ತಿದೆ. ಅಲ್ಲಿ ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷೆ. ಬೇರೆ ಯಾವ ಕಂಪನಿಯಲ್ಲೂ ನಿರ್ದೇಶಕಿ ಅಲ್ಲ. ಮಂಗಳೂರು ವಿಶ್ವವಿದ್ಯಾಲಯದ ಬಿ.ಕಾಂ. ಪದವೀಧರೆ (1988), 1992ರಿಂದ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಸದಸ್ಯೆ. ಸ್ವತಂತ್ರ ನಿರ್ದೇಶಕರ ದತ್ತಾಂಶ ಕೋಶದಲ್ಲಿ ನೋಂದಣಿ ಇದ್ದು, ವಿನಾಯಿತಿಗೆ ಅರ್ಹರಾಗಿದ್ದರೂ ಆನ್‌ಲೈನ್ ಅರ್ಹತಾ ಪರೀಕ್ಷೆಯನ್ನು ಬರೆದು ತೇರ್ಗಡೆಯಾಗಿದ್ದಾರೆ.

ಸ್ವಾತಂತ್ರ್ಯದ ಪರಿಶೀಲನೆ

ಇವರಾಗಲಿ ಪತಿಯಾಗಲಿ ಕಂಪನಿಯಲ್ಲಿ ಷೇರು ಹೊಂದಿಲ್ಲ. ಯಾವ ನಿರ್ದೇಶಕರಿಗೂ, ಪ್ರಮುಖ ಅಧಿಕಾರಿಗೂ ಸಂಬಂಧಿಯಲ್ಲ. ಪೊನ್ನಂಪೇಟೆ ತಾಲ್ಲೂಕಿನಲ್ಲಿರುವ ಕುಟುಂಬದ 14 ಎಕರೆ ತೋಟದ ಕಾಫಿ ನಮ್ಮ ಕಂಪನಿಗೆ ಬಂದಿಲ್ಲ, ಅಧಿಕಾರಾವಧಿಯಲ್ಲಿ ತರುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಇವರ ಸಹೋದರ 2024–25ರಲ್ಲಿ ನಮ್ಮಲ್ಲಿ ಕಾಫಿ ಸಂಸ್ಕರಣೆ ಮಾಡಿಸಿ 38,400 ರೂಪಾಯಿ ಶುಲ್ಕ ಕೊಟ್ಟಿದ್ದಾರೆ. ಕಾಯ್ದೆಯ 149(6)ನೇ ಕಲಮಿನಲ್ಲಿ ಸಂಬಂಧಿಗಳ ವ್ಯವಹಾರಕ್ಕೆ ಹಾಕಿರುವ ಮಿತಿ ವಹಿವಾಟಿನ 2%. ಈ ಮೊತ್ತ ಅದರ ಸಮೀಪಕ್ಕೂ ಬರುವುದಿಲ್ಲ. ಕೇಳುವ ಮೊದಲೇ ಇದನ್ನು ಅವರೇ ತಿಳಿಸಿದರು, ಹಾಗಾಗಿ ಇಲ್ಲಿ ಪೂರ್ತಿಯಾಗಿ ನಮೂದಿಸಿದ್ದೇವೆ. ಕಲಮಿನ ಎಲ್ಲ ಷರತ್ತುಗಳನ್ನು ಇವರು ಪೂರೈಸುತ್ತಾರೆ ಮತ್ತು ಆಡಳಿತ ವರ್ಗದಿಂದ ಸ್ವತಂತ್ರರಾಗಿದ್ದಾರೆ ಎಂಬುದು ಮಂಡಳಿಯ ಅಭಿಪ್ರಾಯ.

ಸಂಭಾವನೆ: ಪ್ರತಿ ಮಂಡಳಿ ಸಭೆಗೆ 40,000 ರೂಪಾಯಿ, ಸಮಿತಿ ಸಭೆಗೆ 25,000 ರೂಪಾಯಿ ಸಿಟಿಂಗ್ ಫೀಸ್, ಪ್ರಯಾಣ ವೆಚ್ಚ ಪ್ರತ್ಯೇಕ. ವರ್ಷಕ್ಕೆ ಕನಿಷ್ಠ 24 ದಿನ ಕಂಪನಿಗೆ ಮೀಸಲಿಡಲು ಒಪ್ಪಿದ್ದಾರೆ, ಅದರಲ್ಲಿ ನಾಲ್ಕು ದಿನ ಗೊಡೌನು ಭೇಟಿಗೆ. ಡಿಐಆರ್-2 ಒಪ್ಪಿಗೆ, ಡಿಐಆರ್-8 ಘೋಷಣೆ, ಇತರ ಕಂಪನಿಯ ಹೆಸರಿರುವ ಎಂಬಿಪಿ-1 ನಮೂನೆ ಹಾಗೂ ನೇಮಕಾತಿ ಪತ್ರದ ಕರಡನ್ನು ಸದಸ್ಯರು ಸಭೆಯ ದಿನದವರೆಗೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಮಡಿಕೇರಿಯ ನೋಂದಾಯಿತ ಕಚೇರಿಯಲ್ಲಿ ನೋಡಬಹುದು.