ನಿಮ್ಮ ಖಾತೆಯ ಮಾಹಿತಿ ಕಳುವಾಗಿದೆ: ದಯವಿಟ್ಟು ಪೂರ್ತಿ ಓದಿ

ನಮಸ್ಕಾರ,

ನಮ್ಮ ಆನ್‌ಲೈನ್ ಅಂಗಡಿಯಲ್ಲಿ ನೀವು ತೆರೆದಿರುವ ಖಾತೆಯ ಕೆಲವು ವಿವರಗಳು ಹೊರಗಿನವರ ಕೈಗೆ ಸಿಕ್ಕಿವೆ. ತಪ್ಪು ನಮ್ಮದು. ಕ್ಷಮಿಸಿ.

ನಮ್ಮ ಡೇಟಾಬೇಸ್‌ನ ಬ್ಯಾಕಪ್ ಕ್ಲೌಡ್‌ನಲ್ಲಿತ್ತು. ಅದನ್ನು ತೆರೆಯುವ ಕೀ ಒಂದು ಹಳೇ ಪ್ರೋಗ್ರಾಮಿನ ಕೋಡ್‌ನಲ್ಲೇ ಉಳಿದುಬಿಟ್ಟಿತ್ತು, ಆ ಕೋಡ್ ಎಲ್ಲರಿಗೂ ಕಾಣುವ ಜಾಗದಲ್ಲಿತ್ತು. ಕೀ ಸಿಕ್ಕವರು ಮಾರ್ಚ್ 3ರ ರಾತ್ರಿ ಬ್ಯಾಕಪ್ ಇಳಿಸಿಕೊಂಡಿದ್ದಾರೆ. ಲಾಗ್ ನೋಡುವಾಗ ನಮಗೆ ಗೊತ್ತಾಗಿದ್ದು 9ರಂದು. ಅವತ್ತೇ ಆ ಕೀ ರದ್ದು ಮಾಡಿದೆವು, ಉಳಿದ ಕೀಗಳನ್ನೂ ಬದಲಿಸಿದೆವು. ಆರು ದಿನ ನಮಗೆ ಸುಳಿವೇ ಇರಲಿಲ್ಲ. ಇಂಥ ಡೌನ್‌ಲೋಡ್ ಆದರೆ ಈಗ ತಕ್ಷಣ ಎಚ್ಚರಿಕೆ ಬರುತ್ತದೆ. ಇದನ್ನು ಮೊದಲೇ ಮಾಡಬೇಕಿತ್ತು.

ಹೋಗಿರುವುದು: ನಿಮ್ಮ ಹೆಸರು, ಇಮೇಲ್, ಫೋನ್ ನಂಬರ್, ಡೆಲಿವರಿ ವಿಳಾಸ, ಜನವರಿ ಕೊನೆಯವರೆಗಿನ ಆರ್ಡರ್‌ಗಳ ಪಟ್ಟಿ, ಹ್ಯಾಶ್ ಮಾಡಿದ ಪಾಸ್‌ವರ್ಡ್, ಅಂದರೆ ನೇರವಾಗಿ ಓದಲಾಗದಂತೆ ಬದಲಿಸಿಟ್ಟ ಪಾಸ್‌ವರ್ಡ್. ಕಾರ್ಡ್ ನಂಬರ್ ಹೋಗಿಲ್ಲ. ಹಣ ಕಟ್ಟುವ ಕೆಲಸವೆಲ್ಲ ಪೇಮೆಂಟ್ ಗೇಟ್‌ವೇಯಲ್ಲಿ ನಡೆಯುತ್ತದೆ, ಕೊನೆಯ ನಾಲ್ಕು ಅಂಕಿ ಮಾತ್ರ ನಮ್ಮಲ್ಲಿರುತ್ತವೆ.

ಪಾಸ್‌ವರ್ಡ್ ಹ್ಯಾಶ್ ಆಗಿದೆಯಲ್ಲ ಎಂದು ಸುಮ್ಮನಿರಬೇಡಿ. 2019ಕ್ಕೆ ಮುಂಚೆ ಖಾತೆ ತೆರೆದು ಆಮೇಲೆ ಲಾಗಿನ್ ಆಗದವರ ಪಾಸ್‌ವರ್ಡ್ ಇನ್ನೂ ಹಳೇ ಎಂಡಿ5 ವಿಧಾನದಲ್ಲೇ ಇತ್ತು. ಹೆಸರಿನ ಮುಂದೆ ಹುಟ್ಟಿದ ವರ್ಷ ಸೇರಿಸಿದಂಥ ಪಾಸ್‌ವರ್ಡ್ ಆಗಿದ್ದರೆ ಅದನ್ನು ಬಿಡಿಸಲು ಹೆಚ್ಚು ಹೊತ್ತು ಬೇಡ. ಉಳಿದವರದ್ದು ಬಿಕ್ರಿಪ್ಟ್‌ನಲ್ಲಿದೆ. ಅದನ್ನು ಬಿಡಿಸುವುದು ತುಂಬಾ ನಿಧಾನ, ಆದರೂ ಸುಲಭದ ಪಾಸ್‌ವರ್ಡ್‌ಗೆ ಅಪಾಯ ತಪ್ಪಿಲ್ಲ.

ಹಾಗಾಗಿ ಎಲ್ಲರ ಹಳೇ ಪಾಸ್‌ವರ್ಡ್ ರದ್ದು ಮಾಡಿದ್ದೇವೆ. ಮುಂದಿನ ಸಲ ಲಾಗಿನ್ ಆಗುವಾಗ ಹೊಸದು ಕೇಳುತ್ತದೆ. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಕೈಯಲ್ಲಿದೆ: ಅದೇ ಪಾಸ್‌ವರ್ಡ್ ಬೇರೆಲ್ಲಾದರೂ ಬಳಸಿದ್ದರೆ ಇವತ್ತೇ ಬದಲಿಸಿ. ಮೊದಲು ಇಮೇಲ್‌ನದ್ದು, ಯಾಕೆಂದರೆ ಅದು ಸಿಕ್ಕರೆ ಉಳಿದ ಖಾತೆಗಳ ಪಾಸ್‌ವರ್ಡನ್ನೂ ರೀಸೆಟ್ ಮಾಡಿಕೊಳ್ಳಬಹುದು. ಎರಡು ಹಂತದ ಲಾಗಿನ್ ಇದ್ದ ಕಡೆ ಅದನ್ನೂ ಆನ್ ಮಾಡಿ.

ನಮಗೆ ಜಾಸ್ತಿ ಚಿಂತೆ ಇರುವುದು ಫೋನ್ ಕರೆಗಳ ಬಗ್ಗೆ. "ನೀವು ಜನವರಿಯಲ್ಲಿ ತರಿಸಿದ ಹೆಡ್‌ಫೋನ್‌ಗೆ ರೀಫಂಡ್ ಬಂದಿದೆ, ಈಗ ಬಂದ ಒಟಿಪಿ ಹೇಳಿ" ಎಂದು ಯಾರಾದರೂ ಕೇಳಬಹುದು. ನಿಮ್ಮ ಹೆಸರು, ವಿಳಾಸ, ತರಿಸಿದ ವಸ್ತು ಎಲ್ಲ ಸರಿಯಾಗಿ ಹೇಳಿದರೆ ನಂಬಿಕೆ ಬರುತ್ತದೆ ಅಲ್ವಾ? ನಂಬಬೇಡಿ, ಕರೆ ಕಟ್ ಮಾಡಿ. ನಾವು ಯಾವತ್ತೂ ಒಟಿಪಿಯನ್ನಾಗಲಿ ಪಾಸ್‌ವರ್ಡನ್ನಾಗಲಿ ಕೇಳುವುದಿಲ್ಲ. ಮನೆಯ ಹಿರಿಯರು ಈ ಖಾತೆ ಬಳಸುತ್ತಿದ್ದರೆ ಅವರಿಗೂ ಇವತ್ತೇ ಹೇಳಿಬಿಡಿ. ಈಗಾಗಲೇ ಒಟಿಪಿ ಹೇಳಿಬಿಟ್ಟಿದ್ದರೆ ತಡಮಾಡದೆ ಬ್ಯಾಂಕ್‌ಗೆ ಫೋನ್ ಮಾಡಿ. ನಂಬರನ್ನು ನಿಮ್ಮ ಕಾರ್ಡಿನ ಹಿಂಬದಿಯಲ್ಲಿ ನೋಡಿಕೊಳ್ಳಿ, ಹುಡುಕಿದಾಗ ಸಿಕ್ಕ ನಂಬರಿಗೆ ಮಾಡಬೇಡಿ.

ಈ ಪತ್ರದಲ್ಲಿ ಬೇಕೆಂದೇ ಲಿಂಕ್ ಹಾಕಿಲ್ಲ. ಇಂಥದ್ದೇ ಪತ್ರ ಲಿಂಕ್ ಸಮೇತ ಬಂದರೆ ಅದು ನಮ್ಮದಲ್ಲ. ಏನೇ ಕೇಳುವುದಿದ್ದರೂ ಆ್ಯಪ್ ತೆರೆದು "ಸಹಾಯ" ಒತ್ತಿ. ಖಾತೆ ಅಳಿಸಬೇಕೆಂದರೂ ಅಲ್ಲೇ ತಿಳಿಸಿ, ಕಾರಣ ಕೇಳದೆ ಅಳಿಸುತ್ತೇವೆ.

ಗ್ರಾಹಕರ ಮಾಹಿತಿ ಸುರಕ್ಷತಾ ತಂಡ