ಮನೆಯೊಂದು, ಕುಟುಂಬವೊಂದು: ನಗರ ಮತ್ತು ವಲಸೆಯ ಕಾಲದಲ್ಲಿ ಬದಲಾದದ್ದೇನು?

ಹಿಂದೆ ಎಲ್ಲರೂ ಕೂಡು ಕುಟುಂಬದಲ್ಲಿದ್ದರು, ನಗರ ಬೆಳೆಯಿತು, ಕಾರ್ಖಾನೆ ಬಂತು, ಕುಟುಂಬ ಒಡೆದು ಚೂರಾಯಿತು. ಈ ಕಥೆಯನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಇದರಲ್ಲಿ ನಿಜ ಸ್ವಲ್ಪ ಇದೆ, ಊಹೆ ಜಾಸ್ತಿ ಇದೆ. ಒಂದೇ ಸೂರಿನಡಿ ಎಷ್ಟು ಜನ ಇದ್ದಾರೆ ಅಂತ ಎಣಿಸಿ, ಅದನ್ನೇ ಕುಟುಂಬದ ಅಳತೆ ಅಂದುಕೊಂಡದ್ದರಿಂದ ಈ ಕಥೆ ಇಷ್ಟು ಗಟ್ಟಿಯಾಗಿ ಉಳಿದಿದೆ. ನಗರ ಮತ್ತು ವಲಸೆ ಮೊದಲು ಬೇರೆ ಮಾಡಿದ್ದು ಮನೆಯನ್ನು. ಕುಟುಂಬದ ಹೊಣೆಗಳು ಹೆಚ್ಚಿನ ಕಡೆ ಉಳಿದವು. ಆದರೆ ಅವುಗಳ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ ಎಂಬುದೇ ಈ ಪ್ರಬಂಧದ ವಾದ.

ಮೊದಲು ಪದಗಳನ್ನು ಸರಿಮಾಡಿಕೊಳ್ಳೋಣ. ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿದರೆ ಕೇಂದ್ರ ಕುಟುಂಬ. ಎರಡು ಮೂರು ತಲೆಮಾರಿನವರು ಒಂದೇ ಅಡುಗೆಮನೆ, ಒಂದೇ ಆಸ್ತಿ, ಒಬ್ಬ ಹಿರಿಯರ ಯಜಮಾನಿಕೆ ಅಂತ ಬದುಕಿದರೆ ಕೂಡು ಕುಟುಂಬ. ವಿಸ್ತೃತ ಕುಟುಂಬ ಇನ್ನೂ ಸಡಿಲ. ಅಜ್ಜಿ, ಚಿಕ್ಕಪ್ಪ, ಅತ್ತೆ, ಸೋದರಮಾವ ಇವರೆಲ್ಲ ಒಟ್ಟಿಗೆ ಇರಬಹುದು, ಬೇರೆ ಬೇರೆ ಊರಲ್ಲೂ ಇರಬಹುದು. ಆದರೆ ಕಷ್ಟಸುಖಕ್ಕೆ ಒಬ್ಬರಿಗೊಬ್ಬರು ಆಗುತ್ತಾರೆ.

ಈಗ ಹಳೆಯ ಕಾಲದ ಲೆಕ್ಕ ನೋಡಿ. ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಮತ್ತು ಕೇಂಬ್ರಿಡ್ಜಿನ ಅವರ ಗೆಳೆಯರು 1574ರಿಂದ 1821ರವರೆಗಿನ ಇಂಗ್ಲೆಂಡಿನ 100 ಊರುಗಳ ನಿವಾಸಿಗಳ ಪಟ್ಟಿಗಳನ್ನು ತೆಗೆದು ನೋಡಿದರು. ಮನೆಯೊಂದಕ್ಕೆ ಸರಾಸರಿ 4.75 ಜನ. ಅದರಲ್ಲಿ ಮನೆಯಲ್ಲೇ ಉಳಿದು ಕೆಲಸ ಮಾಡುವ ಆಳುಗಳೂ ಸೇರಿದ್ದರು. ಅಂದರೆ ಕಾರ್ಖಾನೆ ಬರುವ ಮೊದಲೇ ಅಲ್ಲಿನ ಮನೆಗಳು ಚಿಕ್ಕವಾಗಿದ್ದವು. ಭಾರತದ ಬಗ್ಗೆ ಸಮಾಜಶಾಸ್ತ್ರಜ್ಞ ಎ. ಎಂ. ಶಾ ಅವರು ಗುಜರಾತಿನ ಒಂದು ಹಳ್ಳಿಯ ಹತ್ತೊಂಬತ್ತನೇ ಶತಮಾನದ ಆರಂಭದ ದಾಖಲೆಗಳನ್ನಿಟ್ಟುಕೊಂಡು ಇಂಥದೇ ಎಚ್ಚರಿಕೆ ಕೊಟ್ಟರು. ಕೂಡು ಕುಟುಂಬ ಆದರ್ಶವಾಗಿತ್ತು ಅಂದ ಮಾತ್ರಕ್ಕೆ ಪ್ರತಿ ಮನೆಯೂ ಹಾಗೇ ಇತ್ತು ಅಂತಲ್ಲ. ಜನ ಬೇಗ ಸಾಯುತ್ತಿದ್ದ ಕಾಲದಲ್ಲಿ ಮೊಮ್ಮಕ್ಕಳ ಮುಖ ನೋಡುವವರೆಗೆ ಬದುಕುವುದೇ ಎಲ್ಲರ ಪಾಲಿಗೂ ಬರುತ್ತಿರಲಿಲ್ಲ. ಮೂರು ತಲೆಮಾರು ಒಟ್ಟಿಗಿರಬೇಕಾದರೆ ಮೂರು ತಲೆಮಾರು ಬದುಕಿರಬೇಕಲ್ಲ?

ಇನ್ನೊಂದು ಮಾತು. ಒಂದೇ ಕುಟುಂಬ ಕಾಲಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ಒಂದು ದಂಪತಿ, ಅವರಿಗೆ ಇಬ್ಬರು ಗಂಡುಮಕ್ಕಳು ಅಂದುಕೊಳ್ಳಿ. ಗಣತಿಯವರು ಬಂದಾಗ ಇದು ಕೇಂದ್ರ ಕುಟುಂಬ. ಹತ್ತು ವರ್ಷ ಬಿಟ್ಟು ಬಂದಾಗ ಇಬ್ಬರಿಗೂ ಮದುವೆಯಾಗಿದೆ, ಒಂದು ತೊಟ್ಟಿಲೂ ಇದೆ. ಈಗ ಇದು ಕೂಡು ಕುಟುಂಬ. ಮುಂದಿನ ಗಣತಿಗೆ ತಂದೆ ಇಲ್ಲ, ಅಣ್ಣತಮ್ಮಂದಿರು ಪಾಲು ಮಾಡಿಕೊಂಡಿದ್ದಾರೆ, ತಾಯಿ ಕಿರಿಯವನ ಮನೆಯಲ್ಲಿದ್ದಾರೆ. ಅಣ್ಣನದು ಕೇಂದ್ರ ಕುಟುಂಬ, ತಮ್ಮನದು ಅಲ್ಲ. ಇನ್ನು ಇಪ್ಪತ್ತು ವರ್ಷಕ್ಕೆ ಅಣ್ಣನ ಮನೆಗೇ ಸೊಸೆ ಬರುತ್ತಾಳೆ. ಇಲ್ಲಿ ಯಾವ ನಗರವೂ ಇಲ್ಲ, ಯಾವ ವಲಸೆಯೂ ಇಲ್ಲ. ಒಂದು ವರ್ಷದ ಗಣತಿಯನ್ನು ಮಾತ್ರ ಹಿಡಿದುಕೊಂಡು ಕೂಡು ಕುಟುಂಬ ಸತ್ತಿತು ಅಂತ ಬರೆಯುವುದು ಇದೇ ಕಾರಣಕ್ಕೆ ತಪ್ಪು.

ಕೈಗಾರಿಕಾ ಸಮಾಜಕ್ಕೆ ಕೇಂದ್ರ ಕುಟುಂಬವೇ ಹೊಂದುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಟಾಲ್ಕಟ್ ಪಾರ್ಸನ್ಸ್ ವಾದಿಸಿದ್ದರು. ಕೆಲಸ ಇರುವ ಕಡೆ ಹೋಗಬೇಕು, ದೊಡ್ಡ ಬಳಗವನ್ನು ಎಳೆದುಕೊಂಡು ಹೋಗಲಾಗದು ಎಂಬುದು ಅವರ ತರ್ಕ. ಕೇಳಲು ಸರಿಯಾಗಿದೆ. ಆದರೆ ಇತಿಹಾಸಕಾರ ಮೈಕಲ್ ಆಂಡರ್ಸನ್ 1851ರ ಜನಗಣತಿಯಿಂದ ಲ್ಯಾಂಕಾಷೈರಿನ ಪ್ರೆಸ್ಟನ್ ಪಟ್ಟಣವನ್ನು ನೋಡಿದಾಗ ಕಂಡದ್ದು ಬೇರೆ. ಹತ್ತಿಗಿರಣಿಗಳ ಆ ಊರಿನಲ್ಲಿ ನೆಂಟರ ಜೊತೆ ಇರುವ ಮನೆಗಳು ಕೈಗಾರಿಕೆಗೆ ಮುಂಚಿನ ಇಂಗ್ಲೆಂಡಿಗಿಂತ ಹೆಚ್ಚಾಗಿದ್ದವು. ಕಾರಣ ತಿಳಿದರೆ ಆಶ್ಚರ್ಯವೇನೂ ಆಗುವುದಿಲ್ಲ. ತಾಯಿ ಬೆಳಗಾಗುವ ಮೊದಲೇ ಗಿರಣಿಗೆ ಹೋಗಬೇಕು, ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕು. ವಿಧವೆಯಾದ ಅಜ್ಜಿಗೆ ಸೂರು ಬೇಕು, ಆ ಕಾಲಕ್ಕೆ ವೃದ್ಧಾಪ್ಯ ಪಿಂಚಣಿ ಇರಲಿಲ್ಲ. ಬಾಡಿಗೆಯನ್ನು ಹಂಚಿಕೊಂಡರೆ ಇಬ್ಬರಿಗೂ ಹಗುರ. ಹೊಸದಾಗಿ ಊರಿಗೆ ಬಂದ ತಮ್ಮನಿಗೆ ಅದೇ ಗಿರಣಿಯಲ್ಲಿ ಕೆಲಸ ಹಿಡಿಸಿಕೊಡುವವನು ಅಣ್ಣನೇ. ಬಡತನದ ಪಟ್ಟಣದಲ್ಲಿ ನೆಂಟರೇ ವಿಮೆ, ನೆಂಟರೇ ಉದ್ಯೋಗ ಕಚೇರಿ.

ಒಂದು ಶತಮಾನದ ನಂತರ, 1950ರ ದಶಕದಲ್ಲಿ, ಸಮಾಜಶಾಸ್ತ್ರಜ್ಞರಾದ ಮೈಕಲ್ ಯಂಗ್ ಮತ್ತು ಪೀಟರ್ ವಿಲ್ಮಟ್ ಲಂಡನ್ನಿನ ಕಾರ್ಮಿಕರ ಬಡಾವಣೆ ಬೆತ್ನಲ್ ಗ್ರೀನ್‌ನಲ್ಲಿ ಅಧ್ಯಯನ ಮಾಡಿದರು. ಮದುವೆಯಾದ ಹೆಣ್ಣುಮಕ್ಕಳು ತಾಯಿ ಮನೆಯ ಹತ್ತಿರವೇ ಇದ್ದು ದಿನವೂ ಹೋಗಿ ಬರುತ್ತಿದ್ದರು. ಅದೇ ಜನರನ್ನು ಊರ ಹೊರಗಿನ ಹೊಸ ಬಡಾವಣೆಗೆ ಕಳಿಸಿದಾಗ ಆ ಹೋಗಿಬರುವಿಕೆ ಕಡಿಮೆಯಾಯಿತು. ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ನಗರ ಎಂಬುದು ಒಂದೇ ಶಕ್ತಿ ಅಲ್ಲ. ಕೆಲಸದ ಬಗೆ, ಬಾಡಿಗೆ, ಬಸ್ಸಿನ ದಾರಿ, ಮನೆ ಹಂಚುವ ನೀತಿ ಇವೆಲ್ಲ ಬೇರೆ ಬೇರೆ ಕಡೆಗೆ ಎಳೆಯುತ್ತವೆ. ಎರಡು ಕೋಣೆಯ ಮನೆ ಕೊಟ್ಟು, ಜನ ತಂದೆತಾಯಿಯನ್ನು ಬಿಟ್ಟರು ಅಂತ ದೂರುವುದು ನ್ಯಾಯವಲ್ಲ.

ಭಾರತದಲ್ಲಿ ಸಮಾಜಶಾಸ್ತ್ರಜ್ಞ ಐ. ಪಿ. ದೇಸಾಯಿ ಗುಜರಾತಿನ ಮಹುವಾ ಪಟ್ಟಣದ ಅಧ್ಯಯನದಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಯಾರು ಯಾರ ಜೊತೆ ವಾಸಿಸುತ್ತಾರೆ ಎಂಬುದರ ಜೊತೆಗೆ ಆಸ್ತಿ ಯಾರದು, ಹಣ ಯಾರು ಕಳಿಸುತ್ತಾರೆ, ಹಬ್ಬಕ್ಕೆ ಎಲ್ಲಿ ಸೇರುತ್ತಾರೆ ಎಂದು ಕೇಳಿದರು. ಆಗ ಬೇರೆ ಒಲೆ ಹೂಡಿದ ಎಷ್ಟೋ ಮನೆಗಳು ಉಳಿದ ವಿಷಯಗಳಲ್ಲಿ ಒಟ್ಟಿಗೇ ಇರುವುದು ಕಂಡಿತು. ಅಮೆರಿಕದ ಸಂದರ್ಭದಲ್ಲಿ ಸಮಾಜಶಾಸ್ತ್ರಜ್ಞ ಯೂಜೀನ್ ಲಿಟ್‌ವಾಕ್ 1960ರಲ್ಲಿ ಮಾರ್ಪಟ್ಟ ವಿಸ್ತೃತ ಕುಟುಂಬ ಎಂದು ಕರೆದದ್ದು ಇದಕ್ಕೆ ಹತ್ತಿರವಾದದ್ದು. ದೂರ ದೂರ ಇರುತ್ತಾರೆ, ಯಜಮಾನ ಅಂತ ಯಾರೂ ಇಲ್ಲ, ನೆರವು ಮಾತ್ರ ನಿಂತಿಲ್ಲ.

ಇಂದಿನ ಒಂದು ಕುಟುಂಬವನ್ನು ಹತ್ತಿರದಿಂದ ನೋಡೋಣ. ಮೂವರು ಮಕ್ಕಳು. ದೊಡ್ಡವನು ವಿದೇಶದಲ್ಲಿ, ಎರಡನೆಯವಳು ಮಹಾನಗರದಲ್ಲಿ, ಕೊನೆಯವನು ಹುಟ್ಟೂರಿನ ಹತ್ತಿರದ ಪಟ್ಟಣದಲ್ಲಿ. ತಾಯಿ ಬಿದ್ದು ಸೊಂಟದ ಮೂಳೆ ಮುರಿಯಿತು. ವಾಟ್ಸಾಪ್ ಗುಂಪಿನಲ್ಲಿ ಎಕ್ಸ್‌ರೇ ಬಂತು. ಅರ್ಧ ಗಂಟೆಯಲ್ಲಿ ದೊಡ್ಡವನು ದುಡ್ಡು ಹಾಕಿದ, ಎಲ್ಲಿ ಆಪರೇಷನ್ ಆಗಬೇಕು ಅಂತಲೂ ಅವನೇ ಹೇಳಿದ. ಮಗಳು ರಜೆ ಹಾಕಿ ರಾತ್ರಿ ಬಸ್ಸು ಹತ್ತಿದಳು. ಆಸ್ಪತ್ರೆಯ ಫಾರ್ಮಿಗೆ ಕೊನೆಯವನು ಸಹಿ ಹಾಕಿದ. ಮುಂದಿನ ಮೂರು ತಿಂಗಳು ಅತ್ತೆಯನ್ನು ಎಬ್ಬಿಸಿ, ಕೂರಿಸಿ, ಸ್ನಾನ ಮಾಡಿಸಿದವಳು ಆ ಕೊನೆಯವನ ಹೆಂಡತಿ. ಗುಂಪಿನಲ್ಲಿ ಅವಳ ಹೆಸರೇ ಇರಲಿಲ್ಲ. ಗಣತಿಯ ಪ್ರಕಾರ ಇವು ಬೇರೆ ಬೇರೆ ಮನೆಗಳು. ಹಣ ಮತ್ತು ತೀರ್ಮಾನದ ಪ್ರಕಾರ ಒಂದೇ ಕುಟುಂಬ. ದುಡಿಮೆಯ ಪ್ರಕಾರ ಹೆಚ್ಚಿನ ಭಾರ ಒಬ್ಬ ಹೆಂಗಸಿನ ಮೇಲೆ. ಈ ಮೂರು ಲೆಕ್ಕಗಳನ್ನೂ ಒಟ್ಟಿಗೆ ಇಡದೆ ಕುಟುಂಬ ಉಳಿದಿದೆ ಅಂತಲೂ ಹೇಳಬಾರದು, ಒಡೆದಿದೆ ಅಂತಲೂ ಹೇಳಬಾರದು.

ಇದು ಸ್ವಲ್ಪ ಅನುಕೂಲಸ್ಥರ ಚಿತ್ರ. ಕೂಲಿಗಾಗಿ ಹೋಗುವವರ ವಲಸೆ ಬೇರೆ ಥರ. ಕಟ್ಟಡ ಕೆಲಸಕ್ಕೆ ಬಂದವನ ಕೂಲಿಯಲ್ಲಿ ಅವನ ಊಟ, ಶೆಡ್ಡಿನ ಬಾಡಿಗೆ, ಮನೆಗೆ ಒಂದಿಷ್ಟು ಹಣ ಇಷ್ಟೇ ಆಗುತ್ತದೆ. ಮಗುವನ್ನು ಬೆಳೆಸುವುದು, ಕಾಯಿಲೆ ಬಿದ್ದಾಗ ನೋಡಿಕೊಳ್ಳುವುದು, ಮುದುಕನಾದಾಗ ಅನ್ನ ಹಾಕುವುದು ಎಲ್ಲ ಊರಿನ ಮನೆಯ ಪಾಲಿಗೆ. ಅಂದರೆ ನಗರದ ಅಗ್ಗದ ಕೂಲಿಗೆ ಹಳ್ಳಿಯ ಕುಟುಂಬ ಒಳಗಿಂದಲೇ ಸಹಾಯಧನ ಕೊಡುತ್ತಿದೆ. 2020ರ ಲಾಕ್‌ಡೌನಿನಲ್ಲಿ ಲಕ್ಷಾಂತರ ಜನ ನಡೆದೇ ಊರು ಸೇರಲು ಹೊರಟದ್ದು ಇದನ್ನೇ ತೋರಿಸಿತು. ಅವರಿಗೆ ಕೆಲಸ ನಗರದಲ್ಲಿತ್ತು, ಆಸರೆ ಅಲ್ಲಿರಲಿಲ್ಲ.

ಚೀನಾದಲ್ಲಿ ಹುಕೌ ಎಂಬ ವಾಸಸ್ಥಳದ ನೋಂದಣಿ ವ್ಯವಸ್ಥೆ ಇದನ್ನು ಇನ್ನೂ ಬಿಗಿ ಮಾಡಿತು. ಹಳ್ಳಿಯ ನೋಂದಣಿ ಇದ್ದವರ ಮಕ್ಕಳಿಗೆ ನಗರದ ಸರ್ಕಾರಿ ಶಾಲೆ ಸುಲಭವಾಗಿ ಸಿಗುತ್ತಿರಲಿಲ್ಲ. ಹಾಗಾಗಿ ತಂದೆತಾಯಿ ನಗರದಲ್ಲಿ, ಮಕ್ಕಳು ಅಜ್ಜಅಜ್ಜಿಯ ಜೊತೆ. ನಡುವಿನ ತಲೆಮಾರೇ ಇಲ್ಲದ ಮನೆ. ಇದನ್ನು ಕೂಡು ಕುಟುಂಬ ಅನ್ನಲಾಗದು, ಕೇಂದ್ರ ಕುಟುಂಬವೂ ಅಲ್ಲ. ನಮ್ಮ ಹಳೆಯ ಮೂರು ಹೆಸರುಗಳಲ್ಲಿ ಇದಕ್ಕೆ ಜಾಗವೇ ಇಲ್ಲ.

ಹೆಂಗಸರೇ ವಲಸೆ ಹೋದಾಗ? ಫಿಲಿಪ್ಪೀನ್ಸಿನಿಂದ ಸಾವಿರಾರು ತಾಯಂದಿರು ಬೇರೆ ದೇಶಗಳ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಹೋಗಿದ್ದಾರೆ. ಅವರ ಸ್ವಂತ ಮಕ್ಕಳನ್ನು ಅಜ್ಜಿ, ಚಿಕ್ಕಮ್ಮ, ಹಿರಿಯ ಮಗಳು, ಇಲ್ಲದಿದ್ದರೆ ಸಂಬಳದ ಇನ್ನೊಬ್ಬ ಹೆಂಗಸು ನೋಡಿಕೊಳ್ಳುತ್ತಾರೆ. ತಂದೆ ಮನೆಯಲ್ಲೇ ಇದ್ದರೂ ಆ ಕೆಲಸ ಅನೇಕ ಸಲ ಅವನ ಕೈಗೆ ಬರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಷೀಲ್ಡ್ ಇದನ್ನು ಆರೈಕೆಯ ಸರಪಳಿ ಎಂದು ವಿವರಿಸಿದರು. ಸರಪಳಿಯ ತುದಿಗೆ ಹೋದಷ್ಟೂ ಆರೈಕೆಗೆ ಸಿಗುವ ಕೂಲಿ ಕಡಿಮೆ, ಕೊನೆಗೆ ಏನೂ ಇಲ್ಲ.

ಕೂಡು ಕುಟುಂಬದ ಬಗ್ಗೆ ಹಂಬಲದಿಂದ ಮಾತಾಡುವಾಗ ಇದನ್ನೆಲ್ಲ ಮರೆಯಬಾರದು. ಆ ಮನೆಯಲ್ಲಿ ಮಕ್ಕಳಿಗೆ ಆಟಕ್ಕೆ ಜೊತೆಯಿತ್ತು, ನಿರುದ್ಯೋಗಿ ತಮ್ಮನಿಗೂ ಊಟವಿತ್ತು, ನಿಜ. ಅದೇ ಮನೆಯಲ್ಲಿ ಕಿರಿಯ ಸೊಸೆಗೆ ತನ್ನ ದುಡ್ಡು, ತನ್ನ ಸಮಯ, ಗಂಡನ ಜೊತೆ ಮುಕ್ತವಾಗಿ ಮಾತಾಡುವ ಅವಕಾಶ ಕೂಡ ಇರುತ್ತಿರಲಿಲ್ಲ. ಬೇರೆ ಮನೆ ಅವಳಿಗೆ ಬಿಡುಗಡೆಯಾಗಿ ಬಂದಿದ್ದರೆ ಅದನ್ನು ಕುಸಿತ ಅನ್ನುವುದು ಯಾರ ಕಣ್ಣಿನಿಂದ? ಹಾಗಂತ ಕೇಂದ್ರ ಕುಟುಂಬ ಅವಳನ್ನು ಪೂರ್ತಿ ಬಿಡಿಸಿತು ಅಂತಲೂ ಅಲ್ಲ. ಹೊರಗಿನ ಕೆಲಸ ಸೇರಿಕೊಂಡಿತು, ಒಳಗಿನ ಕೆಲಸ ಹಂಚಿಕೆಯಾಗಲಿಲ್ಲ. ಮಗು ಹುಟ್ಟಿದ ತಕ್ಷಣ ಅವಳ ತಾಯಿಯೋ ಅತ್ತೆಯೋ ಆರು ತಿಂಗಳಿಗೆ ಬಂದು ಇರುತ್ತಾರೆ. ಗಂಡನ ಕಡೆಗೇ ವಾಲಿದ್ದ ಬಂಧುತ್ವ ಈ ದಾರಿಯಲ್ಲಿ ಎಷ್ಟೋ ಕಡೆ ಹೆಂಡತಿಯ ತವರಿನ ಕಡೆಗೂ ತಿರುಗಿದೆ. ಹೆಚ್ಚು ಸದ್ದಿಲ್ಲದ, ಆದರೆ ದೊಡ್ಡ ಬದಲಾವಣೆ ಇದು.

ದೂರ ಹೋದರೂ ಕುಟುಂಬ ಉಳಿಯುತ್ತದೆ ಎಂಬ ಈ ವಾದಕ್ಕೆ ಒಂದು ಮಿತಿ ಇದೆ. ಚದುರಿದ ಕುಟುಂಬ ನಡೆಯಬೇಕಾದರೆ ಚದುರಲು ಜನ ಬೇಕು. ಮೇಲಿನ ಉದಾಹರಣೆಯಲ್ಲಿ ಒಬ್ಬ ಹಣ ಕಳಿಸಿದ, ಒಬ್ಬಳು ಓಡಿ ಬಂದಳು, ಒಬ್ಬ ಹತ್ತಿರವಿದ್ದ. ಮಕ್ಕಳ ಸಂಖ್ಯೆ ಒಂದಕ್ಕೋ ಎರಡಕ್ಕೋ ಇಳಿದ ಮೇಲೆ ಈ ಹಂಚಿಕೆ ಸಾಧ್ಯವಾಗುವುದಿಲ್ಲ. 1980ರ ಸುಮಾರಿಗೆ ಶುರುವಾಗಿ 2015ರವರೆಗೆ ನಡೆದ ಒಂದೇ ಮಗುವಿನ ನೀತಿಯಿಂದ ಚೀನಾದ ನಗರಗಳಲ್ಲಿ ಇದು ಬೇಗ ಬಂತು. ನಾಲ್ವರು ಅಜ್ಜಅಜ್ಜಿಯರು, ಇಬ್ಬರು ತಂದೆತಾಯಿ, ಒಂದು ಮಗು. ಒಂಟಿ ಮಗ ಒಂಟಿ ಮಗಳನ್ನು ಮದುವೆಯಾದರೆ ಅವರ ಮಗುವಿಗೆ ಚಿಕ್ಕಪ್ಪನೂ ಇಲ್ಲ, ಸೋದರತ್ತೆಯೂ ಇಲ್ಲ, ಸೋದರಮಾವನೂ ಇಲ್ಲ. ನೀತಿಯ ಒತ್ತಾಯವಿಲ್ಲದೆಯೂ ಅನೇಕ ದೇಶಗಳು ಇದೇ ಕಡೆಗೆ ಸಾಗುತ್ತಿವೆ. ಸಮಾಜಶಾಸ್ತ್ರ ಈವರೆಗೆ ನೆಂಟರು ಎಲ್ಲಿದ್ದಾರೆ ಎಂದು ಕೇಳಿದೆ. ಮುಂದಿನ ಅಧ್ಯಯನಗಳು ನೆಂಟರು ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಬೇಕಾಗುತ್ತದೆ. ಪಿಂಚಣಿ, ಆರೈಕೆಗೆ ಸಂಬಳದ ರಜೆ, ಮನೆಗೇ ಬರುವ ದಾದಿಯರ ಸೇವೆ ಇವೆಲ್ಲ ಆಗ ಕುಟುಂಬದ ಅಧ್ಯಾಯದಲ್ಲೇ ಬರಬೇಕು. ಯಾಕೆಂದರೆ ಅಣ್ಣ, ತಂಗಿ, ಸೊಸೆ ಮಾಡುತ್ತಿದ್ದ ಕೆಲಸಕ್ಕೆ ಆ ಮನೆಗಳಲ್ಲಿ ಬೇರೆ ಯಾರೂ ಇರುವುದಿಲ್ಲ.