ವಿಷಯ: ಕ್ಷೇತ್ರಾಧಿಕಾರಿ (ಹನಿ ನೀರಾವರಿ) ಹುದ್ದೆಯ ಸಂದರ್ಶನ – ತುಂಡಾದ ಭಾಗವನ್ನು ಮತ್ತೆ ನಡೆಸುವ ಬಗ್ಗೆ

ನಮಸ್ಕಾರ ಮೇಡಂ,

ನಿನ್ನೆ ಮಂಗಳವಾರ ಬೆಳಿಗ್ಗೆ 11ರ ವಿಡಿಯೋ ಸಂದರ್ಶನಕ್ಕೆ ಸಮಯ ಕೊಟ್ಟ ನಿಮಗೂ ತಾಂತ್ರಿಕ ವಿಭಾಗದ ಇಬ್ಬರು ಸರ್‌ಗಳಿಗೂ ಧನ್ಯವಾದಗಳು. ಸಂಪರ್ಕ ಪದೇ ಪದೇ ಕಡಿದರೂ ತಾಳ್ಮೆಯಿಂದ ಪ್ರಶ್ನೆಗಳನ್ನು ಎರಡೆರಡು ಸಲ ಕೇಳಿದಿರಿ.

11.20ರ ಸುಮಾರಿಗೆ ಇಲ್ಲಿ ಕರೆಂಟ್ ಹೋಗಿ ರೂಟರ್ ಆಫ್ ಆಯಿತು. ಆಮೇಲೆ ಕರೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನಡೆಯಿತು. ಅದರಲ್ಲಿ ಡೌನ್‌ಲೋಡ್ ಚೆನ್ನಾಗಿತ್ತು, ಅಪ್‌ಲೋಡ್ ಮಾತ್ರ ತೀರಾ ಕಡಿಮೆ. ನಿಮ್ಮ ಮಾತು ನನಗೆ ಸ್ಪಷ್ಟವಾಗಿ ಕೇಳುತ್ತಿದ್ದರೂ ನನ್ನದು ನಿಮಗೆ ತುಂಡುತುಂಡಾಗಿ ಬಂದದ್ದು, ಸ್ಕ್ರೀನ್ ಶೇರ್ ಮೊದಲ ಪುಟದಲ್ಲೇ ನಿಂತದ್ದು ಅದಕ್ಕೇ.

ಹಾಗಾಗಿ ಎರಡು ವಿಷಯ ನಿಮಗೆ ಪೂರ್ತಿ ತಲುಪಿಲ್ಲ: ಎರಡೂವರೆ ಎಕರೆ ಅಡಿಕೆ ತೋಟದ ಪೈಪ್‌ಲೈನ್ ನಕ್ಷೆಯ ವಿವರಣೆ, ಮತ್ತು "ಲ್ಯಾಟರಲ್ ತುದಿಯ ಗಿಡಗಳಿಗೆ ನೀರು ಕಡಿಮೆ ಬಿದ್ದರೆ ಮೊದಲು ಏನು ನೋಡುತ್ತೀರಿ?" ಎಂಬ ಪ್ರಶ್ನೆಯ ಉತ್ತರ. ತಮಗೆ ಒಪ್ಪಿಗೆಯಾದರೆ ಇಷ್ಟನ್ನು ಮಾತ್ರ 15 ನಿಮಿಷದಲ್ಲಿ ಮತ್ತೆ ಮಾಡಬಹುದು. ಉಳಿದ ಭಾಗ ಸರಿಯಾಗಿಯೇ ನಡೆದಿದೆ, ಅದನ್ನು ಮತ್ತೆ ಕೇಳುವ ಅಗತ್ಯ ಕಾಣುವುದಿಲ್ಲ.

ಎರಡನೆಯದರ ಉತ್ತರ ಚಿಕ್ಕದಾಗಿ ಇಲ್ಲೇ ಕೊಡುತ್ತೇನೆ. ಮೊದಲು ಫಿಲ್ಟರ್‌ನ ಹಿಂದೆ ಮುಂದೆ ಇರುವ ಎರಡೂ ಗೇಜ್ ಓದಬೇಕು. ವ್ಯತ್ಯಾಸ 0.5 ಕೆಜಿ ದಾಟಿದ್ದರೆ ಫಿಲ್ಟರ್ ಕಟ್ಟಿದೆ, ತೊಳೆಯಬೇಕು. ಅದು ಸರಿಯಿದ್ದರೆ ಲ್ಯಾಟರಲ್‌ನ ಮೊದಲಿನ ಮತ್ತು ಕೊನೆಯ ಡ್ರಿಪ್ಪರ್ ಕೆಳಗೆ 3 ನಿಮಿಷ ಡಬ್ಬಿ ಇಟ್ಟು ಅಳೆಯಬೇಕು. ಗಂಟೆಗೆ 4 ಲೀಟರ್‌ನ ಡ್ರಿಪ್ಪರ್ ಆದರೆ ಸುಮಾರು 200 ಮಿಲಿ ಬರಬೇಕು. ಕೊನೆಯದರಲ್ಲಿ ಕಡಿಮೆ ಬಂದರೆ ಎಂಡ್ ಕ್ಯಾಪ್ ತೆಗೆದು ನೀರು ಬಿಟ್ಟು ನೋಡುವುದು. ಬಿಳಿ ಪುಡಿ ಬಂದರೆ ಬೋರ್‌ವೆಲ್ ನೀರಿನ ಸುಣ್ಣ, ಅದಕ್ಕೆ ಆಸಿಡ್ ಟ್ರೀಟ್‌ಮೆಂಟ್. ಲೋಳೆ ಬಂದರೆ ಪಾಚಿ ಅಥವಾ ಬ್ಯಾಕ್ಟೀರಿಯಾ, ಅದಕ್ಕೆ ಕ್ಲೋರಿನ್. ಎರಡನ್ನೂ ಒಟ್ಟಿಗೆ ಬಿಡುವಂತಿಲ್ಲ, ವಿಷಾನಿಲ ಏಳುತ್ತದೆ. ಲೈನ್ ಸ್ವಚ್ಛವಾಗಿಯೇ ಇದ್ದು ತುದಿಯಲ್ಲಿ ಪ್ರೆಷರ್ ಬೀಳುತ್ತಿದ್ದರೆ ಪೈಪಿನ ಅಳತೆಗೆ ಲ್ಯಾಟರಲ್ ಉದ್ದವಾಗಿದೆ ಅಥವಾ ಒಂದು ವಾಲ್ವ್‌ಗೆ ಸಾಲು ಹೆಚ್ಚಾಗಿದೆ ಎಂದರ್ಥ. ಆಗ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಸಾಲುಗಳನ್ನು ಬೇರೆ ವಾಲ್ವ್‌ಗೆ ಹಂಚಬೇಕು. ನಕ್ಷೆಯಲ್ಲಿ ತೋರಿಸಬೇಕಿದ್ದದ್ದು ಈ ಹಂಚಿಕೆಯನ್ನೇ.

ನಕ್ಷೆಯ ಪಿಡಿಎಫ್ ಲಗತ್ತಿಸಿದ್ದೇನೆ. ಎಲ್ಲರ ಬಳಿಯೂ ಅದು ಇದ್ದರೆ ಸ್ಕ್ರೀನ್ ಶೇರ್ ಬೇಕಾಗುವುದಿಲ್ಲ, ಪುಟದ ಸಂಖ್ಯೆ ಹೇಳಿದರೆ ಸಾಕು. ರೂಟರ್ ಈಗ ಯುಪಿಎಸ್ ಮೇಲಿದೆ, ಲ್ಯಾಪ್‌ಟಾಪ್‌ಗೆ ಕೇಬಲ್‌ನಿಂದ ನೇರ ಸಂಪರ್ಕ ಕೊಟ್ಟಾಗಿದೆ. ಅಷ್ಟಾಗಿಯೂ ತೊಂದರೆಯಾದರೆ ಕ್ಯಾಮೆರಾ ಆಫ್ ಮಾಡಿ, ರೆಸ್ಯೂಮೆಯಲ್ಲಿರುವ ನಂಬರ್‌ಗೆ ಕರೆ ಮಾಡಿ ಮುಂದುವರಿಸಬಹುದು.

ಗುರುವಾರ ಬೆಳಿಗ್ಗೆ 10ರಿಂದ 12, ಶುಕ್ರವಾರ ಮಧ್ಯಾಹ್ನ 3ರ ನಂತರ ನಾನು ಬಿಡುವಾಗಿದ್ದೇನೆ. ನಿಮಗೆ ಬೇರೆ ಹೊತ್ತು ಅನುಕೂಲವಾದರೆ ತಿಳಿಸಿ, ಹೊಂದಿಸಿಕೊಳ್ಳುತ್ತೇನೆ. ಮೇಲಿನ ಉತ್ತರ ಮತ್ತು ನಕ್ಷೆಯೇ ಸಾಕೆನಿಸಿದರೆ ಅದೂ ಸರಿ. ಹಾಗೆಂದು ಒಂದು ಸಾಲು ಬರೆದರೆ ಉಪಕಾರ.

ಇಂತಿ,
ರವಿ
ಲಗತ್ತು: ತೋಟದ ನಕ್ಷೆ, 3 ಪುಟ